ಚದರಡಿಗೆ ತೊಂಬತ್ತೆರಡು ಪೈಸೆ

ಹೂಡಿಯ ರೈಲ್ವೆ ಸ್ಟೇಷನ್ನಿನಿಂದ ಮುಖ್ಯರಸ್ತೆಗೆ ಬಂದರೆ ಎಡಗಡೆ ನಾಲ್ಕು ಅಂತಸ್ತಿನ ನಂಜಪ್ಪ ಕಾಂಪ್ಲೆಕ್ಸ್ ಸಿಗುತ್ತದೆ. ಅದಕ್ಕೆ ಸಿದ್ದರಾಮಪ್ಪ ಮ್ಯಾನೇಜರ್. ಮ್ಯಾನೇಜರ್ ಅಂದ ತಕ್ಷಣ ಏಸಿ ರೂಮು, ತಿರುಗುವ ಕುರ್ಚಿ ಅಂತೆಲ್ಲ ಕಲ್ಪಿಸಿಕೊಳ್ಳಬೇಡಿ. ಮೆಟ್ಟಿಲ ಕೆಳಗಿನ ತಗ್ಗು ಜಾಗಕ್ಕೆ ಒಂದು ಬಾಗಿಲು ಇಟ್ಟು ಆಫೀಸು ಅಂತ ಕೊಟ್ಟಿದ್ದರು. ಎದ್ದು ನಿಂತರೆ ತಲೆ ತಾಗುತ್ತದೆಂದು ಅವನು ಯಾರೇ ಬಂದರೂ ಕೂತೇ ಮಾತಾಡುತ್ತಿದ್ದ. ಅದನ್ನು ಗತ್ತು ಅಂದುಕೊಂಡವರೂ ಇದ್ದರು. ಟ್ಯಾಂಕರ್ ಬಂತೇ, ಸಂಪು ತುಂಬಿತೇ, ಲಿಫ್ಟು ಯಾಕೆ ಮೂರನೆಯ ಮಹಡಿಯಲ್ಲಿ ಮುನಿಸಿಕೊಂಡು ನಿಂತಿದೆ, ಜನರೇಟರಿನಲ್ಲಿ ಡೀಸೆಲ್ ಇದೆಯೇ, ದಿನವೆಲ್ಲ ಇದೇ ಗೋಳು. ನೀರು ಬಂದಾಗ ಅವನನ್ನು ಯಾರೂ ನೆನೆಯುತ್ತಿರಲಿಲ್ಲ. ನಿಂತಾಗ ಮಾತ್ರ ಕಟ್ಟಡಕ್ಕೆ ಕಟ್ಟಡವೇ ಅವನ ಹೆಸರು ಹಿಡಿದು ಕೂಗುತ್ತಿತ್ತು.

ಮೊದಲು ಅವನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತಿದ್ದ. ಕಾರ್ಖಾನೆ ಮುಚ್ಚಿದ ದಿನ ಎಲ್ಲ ಕೆಲಸಗಾರರ ಬಾಕಿ ಲೆಕ್ಕ ಹಾಕಿ ಕೊಟ್ಟು, ಕೊನೆಗೆ ತನ್ನದನ್ನು ಬರೆದುಕೊಂಡ. ಅಷ್ಟರಲ್ಲಿ ಚೆಕ್ಕು ಮುಗಿದಿತ್ತು, ಮಾಲೀಕನೂ ಮನೆಗೆ ಹೋಗಿದ್ದ. ಆ ದುಡ್ಡು ಇವತ್ತಿಗೂ ಬಂದಿಲ್ಲ. ಒಂದು ರೂಪಾಯಿ ಹೆಚ್ಚುಕಮ್ಮಿಯಾದರೆ ನಮ್ಮನೆಯವರಿಗೆ ಊಟ ಸೇರಲ್ಲ ಅಂತ ಹೆಂಡತಿ ಈಶ್ವರಮ್ಮ ಬೀದಿಯವರ ಮುಂದೆ ನಗುತ್ತಾ ಹೇಳುತ್ತಿದ್ದಳು. ನಗುವಿನಲ್ಲಿ ಸ್ವಲ್ಪ ಸಿಟ್ಟೂ ಇರುತ್ತಿತ್ತು. ಅಂಥ ಮನುಷ್ಯ ಈ ಕಾಂಪ್ಲೆಕ್ಸಿಗೆ ಬಂದ ಮೇಲೆ ತಿಂಗಳಿಗೊಂದು ಸುಳ್ಳು ಹೇಳುವುದನ್ನು ಕಲಿತಿದ್ದ. ಅದನ್ನು ಹೇಳುತ್ತಿದ್ದದ್ದು ಆವಲಪ್ಪನಿಗೆ.

ಆವಲಪ್ಪ ಅಂದರೆ ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿಯ ಮೇಲೆ ತಲೆಗೆ ಟವೆಲ್ಲು ಸುತ್ತಿಕೊಂಡು ಕೂತಿರುತ್ತಿದ್ದ ಮುದುಕ. ಸಮವಸ್ತ್ರದಲ್ಲಿ ನಿಂತಿರುವ ಏಜೆನ್ಸಿಯ ಗಾರ್ಡು ಬೇರೆ, ಇವನು ಬೇರೆ. ಕಾಂಪ್ಲೆಕ್ಸ್ ಏಳುವ ಮೊದಲು ಅಲ್ಲಿ ನಂಜಪ್ಪಗೌಡರ ದ್ರಾಕ್ಷಿ ತೋಟವಿತ್ತು. ಚಪ್ಪರದ ಕೆಳಗೆ ಗುಡಿಸಲು ಹಾಕಿಕೊಂಡು ಆವಲಪ್ಪ ಅದನ್ನು ಕಾಯುತ್ತಿದ್ದ. ಹಕ್ಕಿ ಓಡಿಸುವುದು, ಕದಿಯಲು ಬರುವ ಹುಡುಗರನ್ನು ಓಡಿಸುವುದು, ಆ ಹುಡುಗರಲ್ಲಿ ಗೌಡರ ಮಗ ಮುನಿಕೃಷ್ಣನೇ ಇದ್ದರೆ ಕಾಣದವನ ಹಾಗೆ ತಿರುಗಿ ನಿಲ್ಲುವುದು ಅವನ ಕೆಲಸ. ಗೌಡರು ಕಣ್ಣು ಮುಚ್ಚುವ ಮುಂಚೆ ಮಗನನ್ನೂ ಇವನನ್ನೂ ಹಾಸಿಗೆಯ ಹತ್ತಿರ ಕರೆದು, ಈ ಜಾಗದಲ್ಲಿ ಏನೇ ಬರಲಿ, ಇವನು ಇರುವವರೆಗೂ ಇದನ್ನು ಕಾಯುವವನು ಇವನೇ, ಇವನ ಅನ್ನ ನಮ್ಮ ಮನೆಯದು ಅಂದರು. ಕಾಗದ ಗೀಗದ ಏನೂ ಇಲ್ಲ. ಆ ಸೀಮೆಯಲ್ಲಿ ಹಾಗೆ ಹೇಳಿದ ಮಾತು ನೋಂದಣಿಗಿಂತ ಗಟ್ಟಿ ಅಂತ ಆಗ ನಂಬುತ್ತಿದ್ದರು.

ಕಾಂಪ್ಲೆಕ್ಸ್ ಎದ್ದಿತು. ಮೊದಲ ತಿಂಗಳ ಖರ್ಚು ಬರೆಯುವಾಗ ಸಿದ್ದರಾಮಪ್ಪ ಮುನಿಕೃಷ್ಣನನ್ನು ಕೇಳಿದ.

"ಆವಲಪ್ಪನ ಸಂಬಳ ಯಾವ ಲೆಕ್ಕಕ್ಕೆ ಬರೀಲಿ?"

"ಸೆಕ್ಯುರಿಟಿಲಿ ಸೇರಿಸ್ಬಿಡ್ರೀ. ಮೇಂಟೆನೆನ್ಸಲ್ಲಿ ಹೋಗುತ್ತೆ. ಯಾರ್ ನೋಡ್ತಾರೆ?" ಅಂದ ಮುನಿಕೃಷ್ಣ, ಫೋನಿನಿಂದ ಕಣ್ಣು ತೆಗೆಯದೆ.

ಯಾರೂ ನೋಡಲಿಲ್ಲ. ಅಂಗಡಿಯವರಿಗೆ ಬರುತ್ತಿದ್ದ ಬಿಲ್ಲಿನಲ್ಲಿ ಇದ್ದದ್ದು ಒಂದೇ ಸಾಲು: ಕಾಮನ್ ಏರಿಯಾ ಮೇಂಟೆನೆನ್ಸ್, ಚದರಡಿಗೆ ಇಷ್ಟು, ಜೊತೆಗೆ ಜಿಎಸ್‌ಟಿ. ಆ ಒಂದು ಸಾಲಿನ ಹೊಟ್ಟೆಯಲ್ಲಿ ಟ್ಯಾಂಕರು, ಡೀಸೆಲ್ಲು, ಲಿಫ್ಟು, ಕಸ, ಕಾರಿಡಾರಿನ ದೀಪ, ಸಿದ್ದರಾಮಪ್ಪನ ಸ್ವಂತ ಸಂಬಳ, ಎಲ್ಲ ಇದ್ದವು. ಅದರಲ್ಲೇ ಆವಲಪ್ಪನೂ ಇದ್ದ. ಪ್ರತಿ ತಿಂಗಳು ಸಿದ್ದರಾಮಪ್ಪ ವೋಚರಿನ ಮೇಲೆ ಅವನ ಹೆಬ್ಬೆಟ್ಟು ಒತ್ತಿಸಿಕೊಂಡು, ಕವರು ಕೈಗಿಟ್ಟು, "ಗೌಡರ ಮನೆಯಿಂದ" ಅನ್ನುತ್ತಿದ್ದ. ಆವಲಪ್ಪ ಕವರನ್ನು ಕಣ್ಣಿಗೊತ್ತಿಕೊಂಡು, ಗೌಡರ ಮನೆ ಇದ್ದ ದಿಕ್ಕಿಗೆ ತಿರುಗಿ ಕೈಮುಗಿಯುತ್ತಿದ್ದ. ಆಗ ಸಿದ್ದರಾಮಪ್ಪ ಮುಖ ತಗ್ಗಿಸಿ ವೋಚರು ಮಡಿಸುತ್ತಿದ್ದ.

ಮುದುಕ ಆ ದುಡ್ಡಿಗಾಗಿಯೇ ಬದುಕಿದ್ದ ಅಂತಲ್ಲ. ಹಳೇ ಊರಿನ ಮುನೇಶ್ವರನ ಗುಡಿಯ ಹಿಂದೆ ಮಗಳು ವೇಣಿಯ ಶೀಟಿನ ಮನೆಯಿತ್ತು, ಅಲ್ಲಿ ಎರಡು ಹೊತ್ತು ಮುದ್ದೆ ಸಿಗುತ್ತಿತ್ತು. ಅವನ ಹತ್ತಿರ ಇದ್ದ ದೊಡ್ಡ ಆಸ್ತಿ ಅಂದರೆ ಗೌಡರ ಮಾತು. ಹೂಡಿಯಲ್ಲಿ ಇಷ್ಟು ಜನರ ಜಮೀನು ಹೋಯಿತು, ದುಡ್ಡು ಬಂತು, ದುಡ್ಡೂ ಹೋಯಿತು. ನಂದು ಮಾತ್ರ ಹಾಗೇ ಇದೆ ಅನ್ನುವ ಸಣ್ಣದೊಂದು ಜಂಬ ಅವನಿಗೆ. ಗುಡಿಯ ಕಟ್ಟೆಯ ಮೇಲೆ ಕೂತಾಗ ಅದನ್ನು ಹೇಳದೆ ಎದ್ದದ್ದಿಲ್ಲ.

ಇದೆಲ್ಲ ಕಲಕಿದ್ದು ಯಮುನಾಳ ಒಂದು ಪ್ರಶ್ನೆಯಿಂದ. ಅವಳನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ, ಕೇಳಿದ್ದರಲ್ಲಿ ತಪ್ಪೇ ಇರಲಿಲ್ಲ.

ಯಮುನಾ ನೆಲಮಹಡಿಯ ಮೂಲೆಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಿದ್ದಳು. ಫಾಲ್, ಜಿಗ್‌ಜಾಗ್, ಚೂಡಿದಾರ್ ಆಲ್ಟರೇಷನ್. ಇನ್ನೂರ ಇಪ್ಪತ್ತು ಚದರಡಿ ಅಂತ ಕರಾರಿನಲ್ಲಿದ್ದರೂ ಒಳಗೆ ಎರಡು ಮಿಷನ್ನು, ಒಂದು ಕಟಿಂಗ್ ಮೇಜು ಇಟ್ಟರೆ ಮೂರನೆಯ ಮನುಷ್ಯ ಅಡ್ಡಡ್ಡ ನಡೆಯಬೇಕಿತ್ತು. ಉಳಿದ ಚದರಡಿಯೆಲ್ಲ ಕಾರಿಡಾರು, ಮೆಟ್ಟಿಲಿನ ಪಾಲು ಅಂತ ಲೆಕ್ಕ. ಬೆಳಿಗ್ಗೆ ಷಟರ್ ಎತ್ತಿದ ಕೂಡಲೇ ಫ್ಲಾಸ್ಕಿನಿಂದ ಎರಡು ಲೋಟ ಚಹಾ ಬಗ್ಗಿಸಿ, ಒಂದನ್ನು ಆವಲಪ್ಪನ ಕುರ್ಚಿಯ ಹತ್ತಿರ ತೆಗೆದುಕೊಂಡು ಹೋಗುವುದು ಅವಳ ರೂಢಿ. ಮುದುಕನೂ ಅವಳ ಅಂಗಡಿ ಮುಂದೆ ಬೈಕು ನಿಲ್ಲಿಸಲು ಯಾರನ್ನೂ ಬಿಡುತ್ತಿರಲಿಲ್ಲ.

ಈ ವರ್ಷ ಟ್ಯಾಂಕರಿನ ರೇಟು ಏರಿತು, ಏಜೆನ್ಸಿಯವರು ಗಾರ್ಡುಗಳ ಸಂಬಳ ಏರಿಸಿದರು. ಚದರಡಿಗೆ ಹದಿನಾಲ್ಕು ಇದ್ದ ಮೇಂಟೆನೆನ್ಸ್ ಇಪ್ಪತ್ತೊಂದಕ್ಕೆ ಬಂತು. ಹಬ್ಬ ಕಳೆದು ಹೊಲಿಗೆ ಕಡಿಮೆಯಾಗಿದ್ದ ಕಾಲ. ಯಮುನಾ ಬಿಲ್ಲು ಹಿಡಿದು ಮೆಟ್ಟಿಲ ಕೆಳಗಿನ ಆಫೀಸಿಗೆ ಬಂದಳು.

"ಸಾರ್, ಏಳು ರೂಪಾಯಿ ಒಂದೇ ಸಲ ಏರಿಸಿದೀರ. ಯಾತಕ್ಕೆ ಎಷ್ಟು ಅಂತ ಒಂದು ಬ್ರೇಕಪ್ ಕೊಡಿ."

"ಎಲ್ಲ ರೇಟೂ ಜಾಸ್ತಿ ಆಗಿದೆ ಕಣಮ್ಮ."

"ಆಗಿರ್ಬೋದು. ಬರೆದು ಕೊಡಿ ಅಂತಾನೇ ಕೇಳ್ತಿರೋದು. ನಾನು ಲಿಫ್ಟೇ ಹತ್ತಲ್ಲ, ಅದಕ್ಕೆಷ್ಟು ಕಟ್ತಿದೀನಿ ಅಂತಾದ್ರೂ ಗೊತ್ತಾಗ್ಲಿ. ಅಗ್ರಿಮೆಂಟಲ್ಲಿ ಇದೆ ನೋಡಿ. ನಿಜವಾದ ಖರ್ಚಿನ ಮೇಲೆ ಹಂಚಬೇಕು, ಕೇಳಿದ್ರೆ ವರ್ಷದ ಲೆಕ್ಕ ಕೊಡಬೇಕು, ಬಿಲ್ಲುಗಳನ್ನೂ ತೋರಿಸಬೇಕು ಅಂತ."

ಅವಳ ಗಿರಾಕಿಯೊಬ್ಬಳು ಯಾವುದೋ ಕಂಪನಿಯಲ್ಲಿ ಲೆಕ್ಕ ನೋಡುವವಳು. ಬ್ಲೌಸಿನ ಅಳತೆ ಕೊಡುತ್ತಾ ಆ ಕಲಮನ್ನು ಓದಿ ಹೇಳಿದ್ದಳು. ಯಮುನಾ ಪುಟಕ್ಕೆ ಸೂಜಿ ಚುಚ್ಚಿ ಗುರುತು ಮಾಡಿಕೊಂಡು ಬಂದಿದ್ದಳು.

ಸಿದ್ದರಾಮಪ್ಪನಿಗೆ ಲಿಫ್ಟಿನ ಚಿಂತೆ ಇರಲಿಲ್ಲ, ಡೀಸೆಲ್ಲಿನ ಚಿಂತೆಯೂ ಇರಲಿಲ್ಲ. ಎಲ್ಲದಕ್ಕೂ ಬಿಲ್ಲು ಇತ್ತು. ಒಂದು ಸಾಲಿಗೆ ಮಾತ್ರ ಹೆಬ್ಬೆಟ್ಟು ಬಿಟ್ಟರೆ ಬೇರೆ ಆಧಾರವಿರಲಿಲ್ಲ. ಪಟ್ಟಿ ಹೊರಗೆ ಬಿದ್ದರೆ ಮುದುಕನ ಕುರ್ಚಿ ಹೋಗುತ್ತದೆ, ಅದಕ್ಕಿಂತ ಮುಖ್ಯವಾಗಿ ಅವನು ನಂಬಿಕೊಂಡು ಬಂದದ್ದು ಹೋಗುತ್ತದೆ. ಆ ಕ್ಷಣದಲ್ಲೇ ಯಮುನಾಳನ್ನು ಕೂರಿಸಿ, ನೋಡಮ್ಮ, ವಿಷಯ ಹೀಗೆ ಅಂತ ಹೇಳಿಬಿಟ್ಟಿದ್ದರೆ ಅವಳು ಬಾಯಿ ಮುಚ್ಚಿಕೊಂಡು ಎದ್ದು ಹೋಗುತ್ತಿದ್ದಳು. ಇನ್ನೊಬ್ಬರ ಮನೆಯ ಮಾತನ್ನು ಹೊರಗೆ ಹಾಕಬಾರದು ಅಂತ ಅವನು ಹೇಳಲಿಲ್ಲ. ಕೆಲವರ ಮರ್ಯಾದೆ ಹೀಗೇ, ಬೇಕಾದಾಗ ಕೆಲಸಕ್ಕೆ ಬರುವುದಿಲ್ಲ.

"ಮುಂದಿನ ವಾರ ಕೊಡ್ತೀನಮ್ಮ," ಅಂದ.

ಮುಂದಿನ ವಾರ ಪ್ರಿಂಟರ್ ಕೆಟ್ಟಿತ್ತು. ಅದರ ಮುಂದಿನ ವಾರ ಆಡಿಟರ್ ಊರಲ್ಲಿರಲಿಲ್ಲ. ನೆಪ ಹೇಳುವುದರಲ್ಲಿ ಅವನಿಗೆ ಅಭ್ಯಾಸ ಸಾಲದು, ಕಿವಿ ಕೆಂಪಗಾಗುತ್ತಿತ್ತು. ಕೆಂಪಗಾದ ಕಿವಿ ನೋಡಿ ಯಮುನಾ, ಇಲ್ಲಿ ಏನೋ ಮಸಲತ್ತು ಇದೆ, ಈ ಮನುಷ್ಯ ದುಡ್ಡು ಹೊಡೆಯುತ್ತಿದ್ದಾನೆ ಅಂತ ನಿಶ್ಚಯ ಮಾಡಿಕೊಂಡಳು. ಹೋಗಿ ಅಂಗಡಿಯವರ ವಾಟ್ಸಾಪ್ ಗುಂಪಿನಲ್ಲಿ ಬರೆದಳು: 'ಮೇಂಟೆನೆನ್ಸ್ ಲೆಕ್ಕ ಕೇಳಿದರೆ ಮ್ಯಾನೇಜರ್ ಕೊಡುತ್ತಿಲ್ಲ. ನಿಮಗೆ ಯಾರಿಗಾದರೂ ಕೊಟ್ಟಿದ್ದಾರಾ?'

ಅಲ್ಲಿಯವರೆಗೆ ಗುಡ್ ಮಾರ್ನಿಂಗ್ ಹೂವುಗಳನ್ನೇ ಕಳಿಸುತ್ತಿದ್ದ ಗುಂಪು ಎದ್ದು ಕೂತಿತು. ಮೇಲಿನ ಟ್ಯೂಷನ್ ಸೆಂಟರು, ಹಲ್ಲಿನ ಆಸ್ಪತ್ರೆ, ಜಿಮ್ಮು, ಎಲ್ಲರಿಗೂ ಲೆಕ್ಕ ಬೇಕಾಯಿತು. ಮುಂಭಾಗದ ದೊಡ್ಡ ಜಾಗದಲ್ಲಿದ್ದ ಕಾಫಿ ಶಾಪಿನ ಪರವಾಗಿ ಸಿದ್ಧಾರ್ಥ್ ಅನ್ನುವವನು ಇಮೇಲ್ ಕಳಿಸಿದ. ಹೂಡಿ, ಮಹದೇವಪುರ ಕಡೆಯ ಅವರ ಅಂಗಡಿಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವನು ಅವನು. ವಿವರವಾದ ಲೆಕ್ಕ ಬರುವವರೆಗೆ ಹಳೇ ರೇಟಿನಲ್ಲೇ ಕಟ್ಟುತ್ತೇವೆ ಅಂತ ವಿನಯವಾಗಿಯೇ ಬರೆದಿದ್ದ.

ಇನ್ನು ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಸಿದ್ದರಾಮಪ್ಪ ಕಂಪ್ಯೂಟರ್ ಮುಂದೆ ಕೂತು ಪಟ್ಟಿ ಮಾಡಿದ. ಆವಲಪ್ಪನ ಹನ್ನೊಂದು ಸಾವಿರವನ್ನು ಡೀಸೆಲ್ಲಿಗೆ ಸೇರಿಸಿ ನೋಡಿದ. ಮೂವತ್ತು ಸಾವಿರ ಇದ್ದದ್ದು ನಲವತ್ತೊಂದಾಯಿತು. ನಾಳೆ ಬಿಲ್ಲು ತೆಗೆದು ನೋಡಿದರೆ ಹೊಂದುವುದಿಲ್ಲ. ಆಗ ತಾನು ಕಳ್ಳ ಅನ್ನಿಸಿಕೊಳ್ಳುವುದು ಹಾಗಿರಲಿ, ಡೀಸೆಲ್ಲು ಕದ್ದ ದುಡ್ಡಿನ ಲೆಕ್ಕದಲ್ಲಿ ಮುದುಕನ ಹೆಸರು ಬರುತ್ತದೆ. ಅಳಿಸಿದ. ಕಸ ಸಾಗಣೆಗೆ ಸೇರಿಸಲು ಕೈ ಏಳಲಿಲ್ಲ. ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ಬರೆದ: ಏಜೆನ್ಸಿ ಗಾರ್ಡು, ಹಗಲು ಒಬ್ಬ, ರಾತ್ರಿ ಒಬ್ಬ, ನಲವತ್ತೆಂಟು ಸಾವಿರ. ಅದರ ಕೆಳಗೆ, ಕಾವಲು, ಆವಲಪ್ಪ, ಹನ್ನೊಂದು ಸಾವಿರ. ಪೂರ್ತಿ ಕಟ್ಟಡ ಹನ್ನೆರಡು ಸಾವಿರ ಚದರಡಿ. ಭಾಗಿಸಿದರೆ ಮುದುಕ ಚದರಡಿಗೆ ತೊಂಬತ್ತೆರಡು ಪೈಸೆ ಬೀಳುತ್ತಿದ್ದ.

ಪಟ್ಟಿ ಕಳಿಸುವ ಮೊದಲು ಅವನು ಮುನಿಕೃಷ್ಣನ ಮನೆಗೆ ಹೋದ. ಮೂರು ಮಹಡಿಯ ಮನೆ. ಹಿಂದೆ ಎರಡು ಸಾಲು ಪಿಜಿ ಕಟ್ಟಡ.

"ಇದೊಂದನ್ನ ಮನೆ ಲೆಕ್ಕಕ್ಕೆ ತಗೊಂಡ್ಬಿಡಿ ಅಣ್ಣ. ಪಟ್ಟಿಯಿಂದ ತೆಗೆದುಬಿಡ್ತೀನಿ. ಯಾರಿಗೂ ಗೊತ್ತಾಗಲ್ಲ."

ಮುನಿಕೃಷ್ಣ ಕೆಟ್ಟವನಲ್ಲ. ದೇವರ ಕೆಲಸ, ಅನ್ನದಾನ ಅಂದರೆ ಧಾರಾಳವಾಗಿ ಕೊಡುತ್ತಿದ್ದ, ಫ್ಲೆಕ್ಸಿನಲ್ಲಿ ಅವನ ಫೋಟೋ ಇರಬೇಕು ಅಷ್ಟೇ. ಸ್ವಲ್ಪ ಹೊತ್ತು ಯೋಚನೆ ಮಾಡಿದ.

"ಈಗ ತೆಗೆಯೋದು ಬೇಡ. ಕದ್ದಂಗಾಗುತ್ತೆ. ಮೀಟಿಂಗ್ ಕರೀರಿ, ನಾನೇ ಬಂದು ಎಲ್ಲರ ಮುಂದೆ ಹೇಳ್ತೀನಿ. ನಮ್ಮಪ್ಪ ಕೊಟ್ಟ ಮಾತು, ಇನ್ಮೇಲೆ ನಾನು ನೋಡ್ಕೊತೀನಿ ಅಂತೀನಿ. ಆಯ್ತಾ?"

ಸಿದ್ದರಾಮಪ್ಪ ಎಷ್ಟೋ ದಿನದ ಮೇಲೆ ಹಗುರಾಗಿ ಮನೆಗೆ ಹೋದ. ಈಶ್ವರಮ್ಮ ಇನ್ನೊಂದು ರೊಟ್ಟಿ ಹಾಕಲೇ ಅಂದಾಗ ಹಾಕು ಅಂದ.

ಭಾನುವಾರ ಬೆಳಿಗ್ಗೆ ಟ್ಯೂಷನ್ ಸೆಂಟರಿನ ಬೆಂಚುಗಳ ಮೇಲೆ ಎಲ್ಲರೂ ಮಕ್ಕಳ ಹಾಗೆ ಸಾಲಾಗಿ ಕೂತರು. ಪಟ್ಟಿ ಕೈಯಿಂದ ಕೈಗೆ ಹೋಯಿತು. ಡೀಸೆಲ್ಲು, ನೀರು, ಲಿಫ್ಟಿನ ಕರಾರು, ಹೌಸ್‌ಕೀಪಿಂಗ್, ಒಂದೊಂದಕ್ಕೂ ಸಿದ್ದರಾಮಪ್ಪ ಬಿಲ್ಲು ತೋರಿಸಿದ. ಯಾರಿಗೂ ಏನೂ ಸಿಗಲಿಲ್ಲ. ಕಳ್ಳನನ್ನು ಹಿಡಿಯಲು ಬಂದಿದ್ದ ಯಮುನಾಳ ಮುಖ ಸಣ್ಣಗಾಗುತ್ತಾ ಬಂತು, ಇನ್ನೇನು ಕ್ಷಮೆ ಕೇಳುವುದರಲ್ಲಿದ್ದಳು. ಆಗ ಸಿದ್ಧಾರ್ಥ್ ಬೆರಳಿಟ್ಟು ಕೇಳಿದ.

"ಈ ಸಾಲು ಏನು ಸಾರ್? ಏಜೆನ್ಸಿ ಇನ್‌ವಾಯ್ಸ್ ಇಲ್ಲ, ಪಿಎಫ್ ಇಲ್ಲ. ವೋಚರ್ ಮೇಲೆ ಬರೀ ಹೆಬ್ಬೆಟ್ಟು ಇದೆ. ನಮ್ಮ ಆಡಿಟ್‌ನಲ್ಲಿ ಇದು ಪಾಸಾಗಲ್ಲ. ತಾತನ್ನ ಕಳಿಸಿ ಅಂತ ನಾನು ಹೇಳ್ತಿಲ್ಲ. ಓನರ್ ಇಟ್ಕೊಂಡಿರೋರು ಅಂದ್ರೆ ಓನರ್ ಕೊಡ್ಲಿ, ನಮ್ಮ ಮೇಂಟೆನೆನ್ಸಲ್ಲಿ ಬೇಡ."

ಮಾತಿನಲ್ಲಿ ತಪ್ಪು ಹುಡುಕುವ ಹಾಗಿರಲಿಲ್ಲ. ಎಲ್ಲರೂ ಮುನಿಕೃಷ್ಣನ ಕಡೆ ನೋಡಿದರು. ಅವನು ಶರ್ಟು ಸರಿಮಾಡಿಕೊಂಡು ಎದ್ದ.

"ನೋಡಿ, ನಮ್ಮಪ್ಪ ಸಾಯೋ ಮುಂಚೆ ಆವಲಪ್ಪಂಗೆ ಒಂದು ಮಾತು ಕೊಟ್ಟಿದ್ರು. ಆ ಮಾತನ್ನ ನಾನು ಇವತ್ತಿನವರೆಗೂ ನಡೆಸ್ಕೊಂಡು ಬಂದಿದೀನಿ..."

"ನೀವಲ್ಲ ಅಣ್ಣ," ಅಂದಳು ಯಮುನಾ. "ನಾವು ನಡೆಸ್ಕೊಂಡು ಬಂದಿರೋದು. ಪಟ್ಟಿಲಿ ಇದೆಯಲ್ಲ."

ಅವಳು ಅವನಿಗೆ ಅವಮಾನ ಮಾಡಬೇಕೆಂದು ಅಂದದ್ದಲ್ಲ. ಇಷ್ಟು ದಿನ ನಮ್ಮಿಂದ ಆಯಿತು, ಇನ್ನು ನೀವು ಕೊಡಿ ಅಂತ ಮುದುಕನ ಪರವಾಗಿಯೇ ಹೇಳಲು ಹೊರಟಿದ್ದಳು. ಅಷ್ಟರಲ್ಲಿ ಜಿಮ್ಮಿನವನು ಹಿಂದಿನ ಬೆಂಚಿನಿಂದ ಕಿಸಕ್ಕನೆ ನಕ್ಕ. ಆ ನಗು ಇಬ್ಬರು ಮೂವರಿಗೆ ಹರಡಿತು. ಹೂಡಿಯಲ್ಲಿ ಬಾಡಿಗೆಯವರು ನಗುವುದನ್ನು ಮುನಿಕೃಷ್ಣ ಅಲ್ಲಿಯವರೆಗೆ ಕೇಳಿರಲಿಲ್ಲ. ಮುಖ ಬಿಗಿಯಿತು.

"ಓಹೋ. ಹಂಗಾ? ನಿಮ್ಮ ದುಡ್ಡಲ್ಲಿ ನಮ್ಮಪ್ಪನ ಮಾತು ಯಾಕಮ್ಮ ನಡೀಬೇಕು? ಸಿದ್ದರಾಮಪ್ಪ, ತೆಗೆದ್ಬಿಡ್ರೀ. ಈ ತಿಂಗಳಿಂದಾನೇ. ಎಲ್ಲರಿಗೂ ಸಮಾಧಾನ ಆಗ್ಲಿ."

"ಅಣ್ಣ, ನೀವು ಅವತ್ತು ಮನೇಲಿ..." ಅಂದ ಸಿದ್ದರಾಮಪ್ಪ.

"ತೆಗೀರಿ ಅಂದೆ."

ಅವನು ಬಾಗಿಲು ದಾಟಿ ಹೋದ. ಉಳಿದವರು ಚದರಡಿಗೆ ಎಷ್ಟು ಇಳಿಯುತ್ತದೆ ಅಂತ ಲೆಕ್ಕ ಹಾಕತೊಡಗಿದರು. ಆ ಗದ್ದಲದ ನಡುವೆ ಯಮುನಾ ಎದ್ದು ನಿಂತೇ ಇದ್ದಳು. ಕೂರಬೇಕು ಅನ್ನುವುದು ಅವಳಿಗೆ ಮರೆತುಹೋಗಿತ್ತು.

ಮಧ್ಯಾಹ್ನ ಅವಳು ಮೆಟ್ಟಿಲ ಕೆಳಗಿನ ಆಫೀಸಿಗೆ ಬಂದಳು. ಅಂಗಡಿ ತೆರೆದಿರಲಿಲ್ಲ.

"ಮೊದಲೇ ಯಾಕೆ ಹೇಳ್ಲಿಲ್ಲ ಸಾರ್ ನನಗೆ? ನೀವು ಹೇಳಿದ್ರೆ ನಾನು ಆ ಗ್ರೂಪಲ್ಲಿ ಹಾಕ್ತಿದ್ನಾ?"

"ಹೇಳಬೇಕಿತ್ತು ಕಣಮ್ಮ," ಅಂದ ಸಿದ್ದರಾಮಪ್ಪ.

"ನಂದು ಎಷ್ಟು ಹೋಗ್ತಿತ್ತು ಅವ್ರಿಗೆ?"

"ತಿಂಗಳಿಗೆ ಇನ್ನೂರ ಎರಡು ರೂಪಾಯಿ. ಜಿಎಸ್‌ಟಿ ಬೇರೆ."

"ಅಷ್ಟೇನಾ?" ಅಂದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಲ್ಲೇ ಕೂತು ಅತ್ತಳು. ಸಿದ್ದರಾಮಪ್ಪ ಫ್ಯಾನು ಜಾಸ್ತಿ ಮಾಡಿದ, ಮತ್ತೆ ಕಡಿಮೆ ಮಾಡಿದ. ಕೊನೆಗೆ ಅವನೇ ಒಂದು ದಾರಿ ಹೇಳಿದ. ತಾನು ಸ್ವಲ್ಪ, ಅವಳು ಸ್ವಲ್ಪ, ಕೇಳಿದರೆ ಇನ್ನೊಬ್ಬಿಬ್ಬರು ಸ್ವಲ್ಪ. ಹನ್ನೊಂದಾಗದಿದ್ದರೆ ಐದಾದರೂ ಆಗುತ್ತದೆ. ಎಂದಿನ ಹಾಗೆ ಕವರಿನಲ್ಲಿಟ್ಟು, ಎಂದಿನ ಮಾತು ಹೇಳಿ ಕೊಡುವುದು. ಯಮುನಾ ಕಣ್ಣು ಒರೆಸಿಕೊಂಡು ಒಪ್ಪಿದಳು. ಹಲ್ಲಿನ ಡಾಕ್ಟರು ದಿವ್ಯಾ ಮೇಡಂ ಕೇಳಿದ ಕೂಡಲೇ ಒಂದು ಸಾವಿರ ಕೊಟ್ಟಳು, ಪಟ್ಟಿ ನೋಡಿ ನನಗೂ ಬೇಜಾರಾಯಿತು ಅಂದಳು.

ಒಂದನೆಯ ತಾರೀಖು ಸಿದ್ದರಾಮಪ್ಪ ಕವರು ಹಿಡಿದು ಗೇಟಿಗೆ ಬಂದ. ಆವಲಪ್ಪ ಕುರ್ಚಿಯ ಮೇಲೆ ಕೂತಿರಲಿಲ್ಲ, ಪಕ್ಕದಲ್ಲಿ ನಿಂತಿದ್ದ.

"ಗೌಡರ ಮನೆಯಿಂದ," ಅಂದ ಸಿದ್ದರಾಮಪ್ಪ. ದನಿ ಅವನಿಗೇ ಬೇರೆ ಯಾರದೋ ಅನ್ನಿಸಿತು.

ಆವಲಪ್ಪ ಕೈ ಚಾಚಲಿಲ್ಲ.

"ಈಗ ಒತ್ತಾರೆ ಮುನಿಕೃಷ್ಣಪ್ಪ ಕಾರು ನಿಲ್ಸಿ ಯೋಳ್ದ. ಅಂಗಡಿಯೋರು ನೀನು ಬ್ಯಾಡ ಅಂದವ್ರೆ, ನಾಳೆಯಿಂದ ಬರಬ್ಯಾಡ ಅಂದ. ಅಂಗಡಿಯೋರ್ಗೂ ನಂಗೂ ಏನ್ ಸಂಬಂಧ ಮೇನೇಜ್ರಪ್ಪ? ನಾನು ಗೌಡ್ರ ಆಳು. ಅಂಗೆ ಕೇಳ್ದೆ. ಅವ್ನು ಗಾಜು ಏರಿಸ್ಕಂಡು ಒಂಟೋದ. ನೀನು ಈಗ ಗೌಡ್ರ ಮನೆಯಿಂದ ಅಂತೀಯ. ಇದು ಯಾರ ದುಡ್ಡು?"

ಇನ್ನೊಂದು ಸುಳ್ಳು ಹೇಳಬಹುದಿತ್ತು. ಸಿದ್ದರಾಮಪ್ಪ ಮುದುಕನ ಮುಖ ನೋಡಿದ, ಆಗಲಿಲ್ಲ.

"ಅಂಗಡಿಯವರದು ಆವಲಪ್ಪಣ್ಣ. ಮೇಂಟೆನೆನ್ಸ್ ಅಂತ ಅವರು ಕಟ್ತಾರಲ್ಲ, ಅದರಿಂದ ಕೊಡ್ತಿದ್ವಿ. ಈಗ ಅದರಲ್ಲಿ ಕೊಡೋ ಹಾಗಿಲ್ಲ. ಇದು ನಾವೇ ಒಂದಷ್ಟು ಜನ ಸೇರಿಸಿದ್ದು."

"ಮೊದ್ಲಿಂದ್ಲೂವೆ?"

"ಮೊದಲಿಂದಲೂ."

"ಗೌಡ್ರ ಮನೆಯಿಂದ ಒಂದ್ ತಿಂಗಳೂ ಬಂದಿಲ್ವಾ?"

ಸಿದ್ದರಾಮಪ್ಪ ಇಲ್ಲ ಅಂತ ತಲೆಯಾಡಿಸಿದ. ಆವಲಪ್ಪ ಗೌಡರ ಮನೆಯ ದಿಕ್ಕಿಗೆ ಒಂದು ಸಲ ನೋಡಿದ. ಅಲ್ಲಿ ಈಗ ಪಿಜಿ ಕಟ್ಟಡದ ನೀರಿನ ಟ್ಯಾಂಕು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

"ದೊಡ್ಡ ಗೌಡ್ರಿಗೆ ಇದು ಗೊತ್ತಿತ್ತಾ?"

"ಇಲ್ಲ. ಅವರು ಹೋದಮೇಲೆ ತಾನೇ ಈ ಕಟ್ಟಡ ಎದ್ದಿದ್ದು?"

"ಸದ್ಯ," ಅಂದ ಆವಲಪ್ಪ. ಕುರ್ಚಿಯ ಬೆನ್ನು ಹಿಡಿದುಕೊಂಡ. ಸಿದ್ದರಾಮಪ್ಪನಿಗೆ ಆ ಮುದುಕ ಬೈದುಬಿಡಲಿ, ಕವರನ್ನು ಮುಖಕ್ಕೆ ಎಸೆಯಲಿ ಅನ್ನಿಸಿತು. ಆವಲಪ್ಪ ಬೈಯಲಿಲ್ಲ. ತಲೆಗೆ ಸುತ್ತಿದ್ದ ಟವೆಲ್ಲು ಬಿಚ್ಚಿ ಕೊಡವಿ ಹೆಗಲಿಗೆ ಹಾಕಿಕೊಂಡ.

"ಯಾವ್ಯಾವ ಅಂಗಡಿಯೋರು ಕೊಟ್ಟವ್ರೆ?"

"ಎಲ್ಲರೂ."

"ಬಾ ಅಂಗಾರೆ. ನಂಗೆ ಆ ಗಾಜಿನ ಬಾಗಿಲು ತೆಗೆಯಾಕೆ ಬರಾಕಿಲ್ಲ."

ಅವನು ಮೊದಲು ಹೋದದ್ದು ಕಾಫಿ ಶಾಪಿಗೆ. ಹೊರಗಿನಿಂದ ದಿನಾ ನೋಡುತ್ತಿದ್ದ ಆ ಜಾಗದ ಒಳಗೆ ಅವನು ಒಂದು ದಿನವೂ ಕಾಲಿಟ್ಟಿರಲಿಲ್ಲ. ಸಿದ್ದರಾಮಪ್ಪ ಬಾಗಿಲು ಎಳೆದು ಹಿಡಿದ. ಆವಲಪ್ಪ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಿ, ಕೌಂಟರಿನ ಮುಂದೆ ನಿಂತು ಎರಡೂ ಕೈ ಜೋಡಿಸಿದ. ಏಪ್ರನ್ ಹಾಕಿದ್ದ ಹುಡುಗಿ ಏನು ಬೇಕು ತಾತ ಅಂದಳು.

"ಏನೂ ಬ್ಯಾಡ ಕಣವ್ವ. ಇಷ್ಟು ವರ್ಷ ನಿಮ್ಮ ಅನ್ನ ತಿಂದಿವ್ನಿ. ನಂಗೆ ಗೊತ್ತಿರ್ಲಿಲ್ಲ. ಒಂದು ದಿನಾನೂ ನಿಮ್ಗೆ ಕೈ ಮುಗಿದೋನಲ್ಲ. ಮನ್ಸಲ್ಲಿ ಇಟ್ಕಾಬ್ಯಾಡಿ."

ಹುಡುಗಿ ಅರ್ಥವಾಗದೆ ಸಿದ್ದರಾಮಪ್ಪನ ಕಡೆ ನೋಡಿದಳು. ಮೂಲೆಯ ಮೇಜಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ ಸಿದ್ಧಾರ್ಥನಿಗೆ ಅರ್ಥವಾಯಿತು. ಅವನು ಎದ್ದು ನಿಂತ, ಏನೋ ಹೇಳಲು ಹೋದ, ಆವಲಪ್ಪ ಅವನಿಗೂ ಕೈಮುಗಿದು ಹೊರಗೆ ಬಂದ. ಅವನು ಯಾರು ಅಂತ ಮುದುಕನಿಗೆ ಗೊತ್ತಿರಲಿಲ್ಲ.

ಹಾಗೆ ಒಂದೊಂದೇ ಅಂಗಡಿ. ಜಿಮ್ಮಿನಲ್ಲಿ ಹಾಡು ಜೋರಾಗಿತ್ತು, ಮಾತು ಕೇಳಿಸಲಿಲ್ಲ, ಬರೀ ಮುಗಿದ ಕೈ ಕಾಣಿಸಿತು. ಭಾನುವಾರ ನಕ್ಕಿದ್ದವನು ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಾ ಗೋಡೆಯ ಕಡೆ ತಿರುಗಿದ. ಟ್ಯೂಷನ್ ಸೆಂಟರಿನ ಮೇಷ್ಟರು ಬೇಡ ತಾತ, ಬೇಡ ತಾತ ಅನ್ನುತ್ತಾ ಅವನ ಕೈ ಬಿಡಿಸಲು ನೋಡಿದರು. ಮೆಟ್ಟಿಲು ಇಳಿಯುವಾಗ ಆವಲಪ್ಪನಿಗೆ ಉಸಿರು ಸಿಕ್ಕಿಹಾಕಿಕೊಳ್ಳುತ್ತಿತ್ತು. ಸಿದ್ದರಾಮಪ್ಪ ತೋಳು ಹಿಡಿದುಕೊಂಡ. ಕವರು ಇನ್ನೂ ಅವನ ಜೇಬಿನಲ್ಲೇ ಇತ್ತು. ಈಗ ಕೊಡಲು ಧೈರ್ಯವಾಗಲಿಲ್ಲ, ಮುಂದೆ ವೇಣಿಗೆ ಕೊಡಲು ಹೋದಾಗಲೂ ಅಪ್ಪ ಬೈತಾನೆ ಅಂತ ಅವಳು ಮುಟ್ಟಲಿಲ್ಲ.

ಕೊನೆಗೆ ಮೂಲೆಯ ಅಂಗಡಿ. ಯಮುನಾ ಮಿಷನ್ನಿನ ಹಿಂದೆ ಕೂತಿದ್ದಳು. ಇವರಿಬ್ಬರೂ ಅಂಗಡಿಯಿಂದ ಅಂಗಡಿಗೆ ಹೋಗುವುದನ್ನು ನೋಡಿದ್ದಳು. ಮುದುಕ ಹೊಸ್ತಿಲಲ್ಲಿ ಕೈ ಎತ್ತುವ ಮೊದಲೇ ಓಡಿ ಬಂದು ಆ ಕೈಗಳನ್ನು ಹಿಡಿದುಕೊಂಡಳು.

"ನನಗೆ ಮುಗೀಬೇಡ ತಾತ. ಪಟ್ಟಿ ಕೇಳಿದ್ದೇ ನಾನು. ನನ್ನಿಂದಾನೇ ಇದೆಲ್ಲ ಆಗಿದ್ದು."

"ನೀನಾ ಕೇಳಿದ್ದು?" ಅಂದ ಆವಲಪ್ಪ. ಅವಳ ತಲೆಯ ಮೇಲೆ ಕೈ ಇಟ್ಟ. "ಒಳ್ಳೇದೇ ಮಾಡ್ದೆ ಕಣವ್ವ. ನೀನು ಕೇಳ್ದೆ ಇದ್ದಿದ್ರೆ, ಯಾರ ಅನ್ನ ತಿಂದೆ ಅಂತ ಗೊತ್ತಾಗ್ದಂಗೇ ಸತ್ತೋಗ್ತಿದ್ದೆ."